ನಾಯಿ ಕಚ್ಚಿದ ಮೊದಲ ಹದಿನೈದು ನಿಮಿಷದಿಂದ ಕೊನೆಯ ಸೂಜಿಯವರೆಗೆ: ರೇಬೀಸ್ ವೈರಸ್ಸನ್ನು ನರ ಸೇರುವ ಮುನ್ನ ತಡೆಯುವ ಕ್ರಮ

ನಾಯಿ ಕಚ್ಚಿದವರು ಆಸ್ಪತ್ರೆಗೆ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ "ಗಾಯ ತೊಳೆದಿರಾ?" ಎಂಬುದು. ಬಹುತೇಕ ಎಲ್ಲರೂ ಹೌದು ಎನ್ನುತ್ತಾರೆ. "ಎಷ್ಟು ಹೊತ್ತು?" ಎಂದರೆ ಉತ್ತರ ತಡವರಿಸುತ್ತದೆ. ಒಂದು ಚೊಂಬು ನೀರು ಸುರಿದವರು, ಒದ್ದೆ ಬಟ್ಟೆಯಲ್ಲಿ ಒರೆಸಿದವರು, ಔಷಧದ ಮುಲಾಮು ಹಚ್ಚಿ ಬಿಗಿಯಾಗಿ ಕಟ್ಟಿಕೊಂಡು ಬಂದವರೇ ಹೆಚ್ಚು. ಚುಚ್ಚುಮದ್ದು ಹಾಕಿಸಿಕೊಂಡರೆ ಸಾಕು, ಉಳಿದದ್ದೆಲ್ಲ ಉಪಚಾರ ಎಂಬ ನಂಬಿಕೆ ಇದರ ಹಿಂದಿದೆ. ತಪ್ಪು ಇಲ್ಲಿಂದಲೇ ಶುರುವಾಗುತ್ತದೆ. ಲಸಿಕೆಗೆ ಕೆಲಸ ಮಾಡಲು ದಿನಗಳು ಬೇಕು. ಆ ದಿನಗಳನ್ನು ಗಳಿಸಿಕೊಡುವುದು ಗಾಯಕ್ಕೆ ಮಾಡುವ ಆರೈಕೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕ್ರಮವೇ ಮುಖ್ಯ. ಯಾವುದು ಮೊದಲು, ಯಾವುದು ನಂತರ, ಯಾವ ಹಂತ ತಪ್ಪಿದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ. ಬೀದಿಯ ಮರಿನಾಯಿಯೊಂದನ್ನು ಎತ್ತಿಕೊಳ್ಳಲು ಹೋದ ಆರು ವರ್ಷದ ಹುಡುಗಿಯ ಬಲ ತೋರುಬೆರಳಿನ ತುದಿಗೆ ಅದು ಕಚ್ಚಿತು, ಕೆನ್ನೆಯನ್ನು ಪರಚಿತು. ಬಿಡಿಸಲು ಹೋದ ತಂದೆಯ ಮೀನಖಂಡಕ್ಕೆ ಎರಡು ಹಲ್ಲು ಇಳಿದವು. ಹುಡುಗಿಯ ತೂಕ 20 ಕಿಲೋ, ತಂದೆಯದು 60 ಕಿಲೋ. ಇವರಿಬ್ಬರು ಕೊನೆಯವರೆಗೂ ನಮ್ಮ ಜೊತೆಗಿರುತ್ತಾರೆ.

## ಮೊದಲು ತಿಳಿಯಬೇಕಾದದ್ದು: ವೈರಸ್ ಹೋಗುವ ದಾರಿ

ರೇಬೀಸ್ ವೈರಸ್ ರಕ್ತದಲ್ಲಿ ಹರಿದು ಮೆದುಳಿಗೆ ಹೋಗುವುದಿಲ್ಲ. ಅದು ನರದೊಳಗೆ ಹೋಗುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಹಂತಕ್ಕೂ ಕಾರಣ ತಾನಾಗಿ ಹೊಳೆಯುತ್ತದೆ.

ಹಲ್ಲು ಚರ್ಮವನ್ನು ಸೀಳಿದಾಗ ಜೊಲ್ಲಿನ ಜೊತೆ ವೈರಸ್ ಮಾಂಸದೊಳಗೆ ಬೀಳುತ್ತದೆ. ಅಲ್ಲಿ ಅದು ಸ್ನಾಯುವಿನ ಕೋಶಗಳಲ್ಲಿ ನಿಧಾನವಾಗಿ ಹೆಚ್ಚಬಹುದು, ಇಲ್ಲವೇ ನೇರವಾಗಿ ನರದ ತುದಿಗೆ ಅಂಟಿಕೊಳ್ಳಬಹುದು. ನರ ಮತ್ತು ಸ್ನಾಯು ಕೂಡುವ ಜಾಗದಲ್ಲಿ, ನರದ ಸಂದೇಶವನ್ನು ಹಿಡಿಯಲೆಂದು ಇರುವ ಗ್ರಾಹಕಗಳಿಗೇ ವೈರಸ್ಸಿನ ಹೊರಮೈಯ ಪ್ರೋಟೀನು ಸಿಕ್ಕಿಕೊಳ್ಳುತ್ತದೆ. ಒಮ್ಮೆ ನರದ ಎಳೆಯೊಳಗೆ ನುಗ್ಗಿತೆಂದರೆ ಅದು ತಾನಾಗಿ ಈಜಬೇಕಿಲ್ಲ. ನರಕೋಶ ತನ್ನ ತುದಿಯಿಂದ ಒಡಲಿಗೆ ಸಾಮಾನು ಸಾಗಿಸಲು ಇಟ್ಟುಕೊಂಡಿರುವ ವ್ಯವಸ್ಥೆಯೊಂದಿದೆ: ಉದ್ದುದ್ದದ ಸೂಕ್ಷ್ಮ ನಳಿಕೆಗಳು, ಅವುಗಳ ಮೇಲೆ ಹೆಜ್ಜೆ ಹಾಕಿ ಹೊರೆ ಎಳೆಯುವ ಡೈನೀನ್ ಎಂಬ ಪ್ರೋಟೀನು. ವೈರಸ್ ಆ ಹೊರೆಯ ಜೊತೆ ಸವಾರಿ ಹೊರಟು ಬೆನ್ನುಹುರಿಗೆ, ಅಲ್ಲಿಂದ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುತ್ತ ಮೆದುಳಿಗೆ ಸೇರುತ್ತದೆ.

ನರದೊಳಗಿನ ಈ ಪಯಣ ದಿನಕ್ಕೆ ಒಂದೆರಡು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಎಂದು ಅಂದಾಜು. ತಂದೆಯ ಮೀನಖಂಡದಿಂದ ಬೆನ್ನುಹುರಿಗೆ ಹತ್ತಿರ ಹತ್ತಿರ ಒಂದು ಮೀಟರ್ ದೂರ. ಹುಡುಗಿಯ ಕೆನ್ನೆಯಿಂದ ಮೆದುಳಿನ ಕಾಂಡಕ್ಕೆ ಒಂದು ಗೇಣೂ ಇಲ್ಲ. ಮುಖ, ತಲೆ, ಕುತ್ತಿಗೆಯ ಕಡಿತ ಏಕೆ ಹೆಚ್ಚು ಅಪಾಯ ಎಂಬುದಕ್ಕೆ ಇಷ್ಟು ಸಾಕು. ಬೆರಳ ತುದಿಯ ಅಪಾಯ ಬೇರೆ ಬಗೆಯದು. ಅಲ್ಲಿ ನರದ ತುದಿಗಳು ದಟ್ಟವಾಗಿರುವುದರಿಂದ ವೈರಸ್ಸಿಗೆ ಬಾಗಿಲು ಬೇಗ ಸಿಗುತ್ತದೆ.

ರೋಗದ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದು ವಾರದೊಳಗೆ ಕಂಡದ್ದೂ ಇದೆ, ವರ್ಷ ದಾಟಿದ್ದೂ ಇದೆ. ದೂರವನ್ನು ವೇಗದಿಂದ ಭಾಗಿಸಿದರೆ ಇಷ್ಟು ತಿಂಗಳು ಬರುವುದಿಲ್ಲ. ವೈರಸ್ ನರ ಹತ್ತುವ ಮುನ್ನ ಗಾಯದ ಸುತ್ತಲಿನ ಮಾಂಸದಲ್ಲೇ ಬೀಡುಬಿಟ್ಟಿರುವ ಅವಧಿ ಇದರಲ್ಲಿ ಸೇರಿದೆ. ಆ ಅವಧಿಯೇ ನಮಗೆ ಸಿಗುವ ಅವಕಾಶ. ಆದರೆ ಅದು ಎಷ್ಟು ಉದ್ದವೆಂದು ಗಾಯ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. "ಮೂರು ತಿಂಗಳಿದೆಯಲ್ಲ, ನಾಳೆ ಹೋದರಾಯಿತು" ಎಂಬ ಲೆಕ್ಕ ಅದಕ್ಕೇ ಸಲ್ಲದು.

ನರದೊಳಗೆ ಸೇರಿದ ವೈರಸ್ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವುದು ಕಡಿಮೆ. ರಕ್ತದಲ್ಲಿರುವ ಪ್ರತಿಕಾಯಗಳು ಮೆದುಳಿನೊಳಗೆ ಸುಲಭವಾಗಿ ದಾಟುವುದೂ ಇಲ್ಲ. ಆದ್ದರಿಂದ ಹೋರಾಟ ನಡೆಯಬೇಕಾದದ್ದು ಗಾಯದ ಜಾಗದಲ್ಲಿ, ವೈರಸ್ ಇನ್ನೂ ಬಯಲಲ್ಲಿರುವಾಗ.

## ಬೇಕಾಗುವ ಸಾಮಗ್ರಿ

ಮನೆಯಲ್ಲಿ ಬೇಕಾದದ್ದು ಹರಿಯುವ ನೀರು, ಸೋಪು, ಗಡಿಯಾರ. ನಲ್ಲಿ ಇಲ್ಲದಿದ್ದರೆ ಬಿಂದಿಗೆ ಮತ್ತು ಸುರಿಯಲು ಇನ್ನೊಬ್ಬರು. ಪೊವಿಡೋನ್ ಅಯೋಡಿನ್ ದ್ರಾವಣ ಇದ್ದರೆ ಒಳ್ಳೆಯದು. ಅದನ್ನು ಹುಡುಕುತ್ತ ತೊಳೆಯುವುದನ್ನು ಮುಂದೂಡಬೇಡಿ. ತೊಳೆಯುವವರ ಕೈಯಲ್ಲಿ ಬಿರುಕು, ಗಾಯ ಇದ್ದರೆ ಕೈಗವಸು ಹಾಕಿಕೊಳ್ಳಲಿ. ಉಳಿದ ಲಸಿಕೆ, ಸಿದ್ಧ ಪ್ರತಿಕಾಯಗಳ ಮದ್ದಾದ ಇಮ್ಯುನೊಗ್ಲಾಬ್ಯುಲಿನ್ ಎಲ್ಲವೂ ಆಸ್ಪತ್ರೆಯ ಕೆಲಸ.

## 1. ಹದಿನೈದು ನಿಮಿಷ ತೊಳೆಯುವುದು

ವೈರಸ್ಸಿನ ಹೊರಗೆ ಕೊಬ್ಬಿನ ತೆಳು ಪೊರೆಯಿದೆ. ಜಿಡ್ಡಿನ ಪಾತ್ರೆಯ ಎಣ್ಣೆಯನ್ನು ಸೋಪು ಹೇಗೆ ಬಿಡಿಸುತ್ತದೆಯೋ ಹಾಗೆ ಈ ಪೊರೆಯನ್ನೂ ಒಡೆಯುತ್ತದೆ. ಪೊರೆ ಹೋದ ವೈರಸ್ ಕೋಶಕ್ಕೆ ಅಂಟಿಕೊಳ್ಳಲಾರದು. ನೀರು ಎರಡನೆಯ ಕೆಲಸ ಮಾಡುತ್ತದೆ: ಜೊಲ್ಲನ್ನು ಗಾಯದಿಂದ ಹೊರಕ್ಕೆ ತಳ್ಳುತ್ತದೆ. ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಗಾಯವನ್ನು ಬೇಗ ಮತ್ತು ಚೆನ್ನಾಗಿ ತೊಳೆದದ್ದರಿಂದಲೇ ಸಾವು ಗಣನೀಯವಾಗಿ ತಗ್ಗಿರುವುದು ಕಂಡಿದೆ.

ಹಾಗಾದರೆ ಹದಿನೈದು ನಿಮಿಷ ಏಕೆ? ನಾಯಿಯ ಕೋರೆಹಲ್ಲು ಮಾಡುವ ತೂತು ಮೇಲಿನಿಂದ ಚಿಕ್ಕದು, ಒಳಗೆ ಆಳ. ಹಲ್ಲು ಹೊರಬಂದ ಕೂಡಲೇ ಚರ್ಮ ಮುಚ್ಚಿಕೊಂಡು ಜೊಲ್ಲನ್ನು ಒಳಗೇ ಹಿಡಿದಿಡುತ್ತದೆ. ಮೇಲ್ಮೈಯಲ್ಲಿ ಸರ್ರನೆ ಓಡಿಹೋಗುವ ನೀರು ಆ ತಳವನ್ನು ಮುಟ್ಟುವುದಿಲ್ಲ. ನೊರೆ ಒಳಗಿಳಿಯಲು, ಇಳಿದದ್ದು ಕೆಲಸ ಮಾಡಲು, ಮತ್ತೆ ಹೊರಗೆ ಬರಲು ಹೊತ್ತು ಬೇಕು.

ಮಾಡುವ ರೀತಿ ಹೀಗೆ. ಉಂಗುರ, ಬಳೆ, ಗಾಯದ ಮೇಲಿನ ಬಟ್ಟೆ ತೆಗೆಯಿರಿ. ಗಡಿಯಾರ ನೋಡಿಕೊಳ್ಳಿ. ನಲ್ಲಿಯ ನೀರನ್ನು ನೇರವಾಗಿ ಗಾಯದ ಮೇಲೆ ಬಿಡಿ. ಸೋಪಿನ ದಪ್ಪ ನೊರೆಯನ್ನು ಗಾಯದ ಮೇಲೂ ಸುತ್ತಲೂ ಹಚ್ಚಿ, ಎರಡು ಬೆರಳಿನಿಂದ ಅಂಚುಗಳನ್ನು ಮೃದುವಾಗಿ ಅಗಲಿಸಿ ನೊರೆ ಒಳಗೆ ಇಳಿಯಲು ಬಿಡಿ. ಮತ್ತೆ ನೀರು, ಮತ್ತೆ ನೊರೆ. ಪ್ರತಿ ಗಾಯಕ್ಕೂ ಹೀಗೇ. ಕೊನೆಯಲ್ಲಿ ಸೋಪು ಉಳಿಯದಂತೆ ನೀರು ಹರಿಸಿ, ನಂತರ ಪೊವಿಡೋನ್ ಅಯೋಡಿನ್ ಹಚ್ಚಿ.

ನಮ್ಮ ಉದಾಹರಣೆಯ ತಂದೆಗೆ ಇದು ಸುಲಭ: ಬಚ್ಚಲ ಕಲ್ಲಿನ ಮೇಲೆ ಕುಳಿತು ಕಾಲು ಚಾಚಿದರಾಯಿತು. ಹುಡುಗಿಯದೇ ಕಷ್ಟ. ಉರಿಗೆ ಅಳುತ್ತಾಳೆ, ಎರಡು ನಿಮಿಷಕ್ಕೆ ಕೈ ಎಳೆದುಕೊಳ್ಳುತ್ತಾಳೆ, "ಸಾಕಮ್ಮಾ, ಸಾಕು" ಎನ್ನುತ್ತಾಳೆ. ತಾಯಿಯ ಮನಸ್ಸು ಕರಗುವುದು ಇಲ್ಲೇ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಬ್ಬರು ಕೈ ಹಿಡಿಯಲಿ, ಇನ್ನೊಬ್ಬರು ತೊಳೆಯಲಿ. ಬೆರಳಿಗೂ ಕೆನ್ನೆಗೂ ಸರದಿಯಂತೆ ನೀರು ಬಿಡಿ. ನಡುವೆ ಅರ್ಧ ನಿಮಿಷ ಬಿಡುವು ಕೊಟ್ಟರೂ ಒಟ್ಟು ಹೊತ್ತು ಕಡಿಮೆಯಾಗಬಾರದು. ಉಗುರಿನ ಸಂದಿಯನ್ನು ಮರೆಯಬೇಡಿ. ಬೆರಳ ತುದಿಯ ಕಡಿತದಲ್ಲಿ ಜೊಲ್ಲು ಅಲ್ಲಿ ಕೂತಿರುತ್ತದೆ.

ಕೆಲವು ಸಂದರ್ಭಗಳಲ್ಲಿ ಕ್ರಮ ಸ್ವಲ್ಪ ಬದಲಾಗುತ್ತದೆ. ರಕ್ತ ಚಿಮ್ಮುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಓಡುವುದೇ ಮೊದಲು. ಸುಮ್ಮನೆ ಜಿನುಗುತ್ತಿದ್ದರೆ ತೊಳೆಯುವುದನ್ನು ನಿಲ್ಲಿಸಬೇಡಿ. ಕಣ್ಣಿಗೆ ಜೊಲ್ಲು ಸಿಡಿದರೆ ಸೋಪು ಬೇಡ, ಬರೀ ಶುದ್ಧ ನೀರನ್ನು ಹದಿನೈದು ನಿಮಿಷ ಹರಿಸಿ. ಬಾಯಿಗೆ ಬಿದ್ದಿದ್ದರೆ ಮುಕ್ಕಳಿಸಿ ಉಗುಳುತ್ತಿರಿ. ಸೋಪು ಸಿಗದಿದ್ದರೆ ಬರೀ ನೀರಾದರೂ ಸರಿ. ಕಚ್ಚಿ ಆಗಲೇ ಗಂಟೆಗಳಾಗಿವೆ, ಈಗ ತೊಳೆದೇನು ಫಲ ಎಂದು ಕೈಬಿಡಬೇಡಿ. ವೈರಸ್ ಇನ್ನೂ ಅಲ್ಲೇ ಇರಬಹುದು, ತಡವಾದರೂ ತೊಳೆಯಿರಿ.

ಇಲ್ಲಿ ಆಗುವ ತಪ್ಪುಗಳು. ಬ್ರಷ್ಷಿನಿಂದ ಉಜ್ಜಿದರೆ ಮಾಂಸ ಹರಿದು ವೈರಸ್ಸಿಗೆ ಹೊಸ ದಾರಿ ಸಿಗುತ್ತದೆ. ಗಾಯವನ್ನು ಸುಡುವುದು, ಬಾಯಿಂದ ಹೀರುವುದು, ಪುಡಿ, ಎಣ್ಣೆ, ಸುಣ್ಣ, ಸೊಪ್ಪಿನ ರಸ ಮೆತ್ತುವುದು ಕೂಡ ಅಷ್ಟೇ ಕೆಡುಕು. ಮೆತ್ತಿದ್ದನ್ನು ತೆಗೆಯಲು ಆಸ್ಪತ್ರೆಯಲ್ಲಿ ಮತ್ತೆ ಗಾಯ ಕೆದಕಬೇಕಾಗುತ್ತದೆ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಆಳಕ್ಕೆ ಇಳಿಯದು, ಅದು ತೊಳೆಯುವುದಕ್ಕೆ ಬದಲಿಯಲ್ಲ. ಬಿಗಿಯಾದ ಬ್ಯಾಂಡೇಜ್ ಬೇಡ. ಮತ್ತೊಂದು ತಪ್ಪು ಆಸ್ಪತ್ರೆಗಳಲ್ಲೇ ಆಗುತ್ತದೆ: ಮನೆಯಲ್ಲಿ ತೊಳೆದಿದ್ದೇವೆ ಎಂದ ಕೂಡಲೇ ನೇರವಾಗಿ ಸೂಜಿಗೆ ಕಳಿಸುವುದು. ಅಲ್ಲಿಯೂ ಒಮ್ಮೆ ತೊಳೆಸಿ ಎಂದು ಕೇಳಿ. ಆಳದ ತೂತುಗಳಿಗೆ ಸೂಜಿಯಿಲ್ಲದ ಸಿರಿಂಜಿನಿಂದ ಲವಣ ದ್ರಾವಣ ಹಾಯಿಸುವ ಅನುಕೂಲ ಆಸ್ಪತ್ರೆಯಲ್ಲಿದೆ.

## 2. ಗಾಯದ ದರ್ಜೆ ನೋಡುವುದು

ಮುಂದೇನು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಮೂರು ದರ್ಜೆಗಳು ನಿರ್ಧರಿಸುತ್ತವೆ. ಪ್ರಾಣಿಯನ್ನು ಮುಟ್ಟಿದ್ದು, ಅದಕ್ಕೆ ತಿನ್ನಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೆಯ ದರ್ಜೆ. ತೊಳೆದರೆ ಸಾಕು, ಲಸಿಕೆ ಬೇಡ. ಬಟ್ಟೆಯಿಲ್ಲದ ಚರ್ಮವನ್ನು ಮೆಲ್ಲಗೆ ಕಡಿದದ್ದು, ರಕ್ತ ಬಾರದ ಸಣ್ಣ ತರಚು ಎರಡನೆಯದು, ಲಸಿಕೆ ಬೇಕು. ಚರ್ಮ ದಾಟಿದ ಕಡಿತ ಅಥವಾ ಪರಚು, ಒಡೆದ ಚರ್ಮದ ಮೇಲೆ, ಕಣ್ಣು, ಬಾಯಿಯೊಳಗೆ ಬಿದ್ದ ಜೊಲ್ಲು, ಬಾವಲಿಯ ನೇರ ಸಂಪರ್ಕ, ಇವು ಮೂರನೆಯದು. ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು.

ಗಾಯದ ಗಾತ್ರ ಇಲ್ಲಿ ಲೆಕ್ಕಕ್ಕಿಲ್ಲ ಎಂಬುದನ್ನು ಗಮನಿಸಿ. ಒಂದು ಹನಿ ರಕ್ತ ಕಂಡರೂ ಮೂರನೆಯ ದರ್ಜೆಯೇ. ಅನುಮಾನವಿದ್ದರೆ ಗಾಯದ ಮೇಲೆ ಹತ್ತಿಯನ್ನು ಒತ್ತಿ ನೋಡಿ, ಕೆಂಪು ಚುಕ್ಕೆ ಮೂಡಿತೇ ಎಂದು. ಹುಡುಗಿಯ ಕೆನ್ನೆಯ ಗೀರು ನೋಡಲು ಬೆಕ್ಕಿನ ಪರಚಿನಷ್ಟೇ ಇತ್ತು, ಆದರೆ ಹತ್ತಿ ಕೆಂಪಾಯಿತು. ಅಪ್ಪ ಮಗಳು ಇಬ್ಬರೂ ಮೂರನೆಯ ದರ್ಜೆ.

ಮರಿಗೆ ರೋಗ ಬರುವುದಿಲ್ಲ, ಸಾಕಿದ ನಾಯಿ ಪರವಾಗಿಲ್ಲ, ಲಸಿಕೆ ಹಾಕಿಸಿದ ನಾಯಿ ಎಂದ ಮೇಲೆ ಭಯವಿಲ್ಲ ಎಂಬ ಮಾತುಗಳು ಈ ಹಂತದಲ್ಲಿ ಕೇಳಿಬರುತ್ತವೆ. ಮರಿಗಳಿಗೂ ರೇಬೀಸ್ ಬರುತ್ತದೆ. ಮಕ್ಕಳು ಹೆಚ್ಚಾಗಿ ಎತ್ತಿ ಆಡಿಸುವುದು ಮರಿಗಳನ್ನೇ ಎಂಬ ಕಾರಣಕ್ಕೆ ನನಗೆ ಮರಿಯ ಕಡಿತವೆಂದರೆ ಹೆಚ್ಚು ಆತಂಕ. ಮಗು ಗದರಿಸಿಕೊಳ್ಳುವ ಭಯಕ್ಕೆ ಮನೆಯಲ್ಲಿ ಹೇಳಿಯೇ ಇರುವುದಿಲ್ಲ.

## 3. ಗಾಯದೊಳಗೆ ಇಮ್ಯುನೊಗ್ಲಾಬ್ಯುಲಿನ್

ಅತಿ ಹೆಚ್ಚು ಜನ ತಪ್ಪಿಸಿಕೊಳ್ಳುವ ಹಂತ ಇದು. ನೋವಾಗುತ್ತದೆ, ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, "ಲಸಿಕೆ ಕೊಟ್ಟಾಯಿತಲ್ಲ" ಎಂಬ ಸಮಾಧಾನವೂ ಇರುತ್ತದೆ.

ಲಸಿಕೆಯಲ್ಲಿರುವುದು ಸತ್ತ ವೈರಸ್. ಅದನ್ನು ನೋಡಿ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಲು ಏಳರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಆ ನಡುವಿನ ದಿನಗಳಲ್ಲಿ ಗಾಯದಲ್ಲಿ ಉಳಿದ ವೈರಸ್ಸನ್ನು ಯಾರು ಹಿಡಿಯುತ್ತಾರೆ? ಇಮ್ಯುನೊಗ್ಲಾಬ್ಯುಲಿನ್ ಎಂದರೆ ಮನುಷ್ಯರ ಅಥವಾ ಕುದುರೆಯ ರಕ್ತದಿಂದ ಪಡೆದ, ಸಿದ್ಧವಾಗಿರುವ ಪ್ರತಿಕಾಯ. ಅದನ್ನು ಗಾಯದೊಳಗೇ ತುಂಬಿದರೆ ಅಲ್ಲಿರುವ ವೈರಸ್ಸಿಗೆ ಆ ಕ್ಷಣದಲ್ಲೇ ಅಂಟಿಕೊಂಡು ಅದು ನರದ ತುದಿಗೆ ಹಿಡಿಯದಂತೆ ತಡೆಯುತ್ತದೆ. ಈಗ ಕೆಲವೆಡೆ ಇದರ ಬದಲು ಪ್ರಯೋಗಾಲಯದಲ್ಲಿ ತಯಾರಾದ ಏಕತದ್ರೂಪಿ ಪ್ರತಿಕಾಯಗಳನ್ನೂ ಬಳಸುತ್ತಾರೆ, ಕೆಲಸ ಅದೇ.

ಪ್ರಮಾಣ ತೂಕದ ಮೇಲೆ ನಿಂತಿದೆ. ಮನುಷ್ಯ ಮೂಲದ್ದಾದರೆ ಪ್ರತಿ ಕಿಲೋಗೆ 20 ಯೂನಿಟ್, ಕುದುರೆ ಮೂಲದ್ದಾದರೆ 40 ಯೂನಿಟ್ ಗರಿಷ್ಠ ಮಿತಿ. ಹುಡುಗಿಗೆ ಕುದುರೆ ಮೂಲದ್ದನ್ನು ಕೊಡುತ್ತಾರೆ ಎಂದುಕೊಳ್ಳಿ: 20 ಕಿಲೋಗೆ 800 ಯೂನಿಟ್. ಸೀಸೆಯ ಮೇಲೆ ಪ್ರತಿ ಮಿಲಿಲೀಟರಿಗೆ 300 ಯೂನಿಟ್ ಎಂದಿದ್ದರೆ ಅದು ಸುಮಾರು 2.67 ಮಿಲಿಲೀಟರ್. ಕೆನ್ನೆಯ ಗೀರಿನ ಉದ್ದಕ್ಕೂ, ಅಂಚುಗಳ ಕೆಳಗೆ ಸಣ್ಣ ಸೂಜಿಯಿಂದ ತುಂಬುತ್ತಾರೆ. ಬೆರಳಿಗೆ ಬಂದಾಗ ವೈದ್ಯರ ಕೈ ನಿಧಾನವಾಗುತ್ತದೆ. ಬೆರಳ ತುದಿಯಲ್ಲಿ ಹಿಗ್ಗಲು ಜಾಗವಿಲ್ಲ. ಹೆಚ್ಚು ತುಂಬಿದರೆ ಒತ್ತಡಕ್ಕೆ ರಕ್ತ ಸಂಚಾರವೇ ನಿಲ್ಲಬಹುದು. ಬೆರಳು ಬಿಗಿದು ಬಿಳಿಚಿಕೊಳ್ಳುವ ಮುನ್ನ ನಿಲ್ಲಿಸಬೇಕು. ಅಲ್ಲಿ ಹಿಡಿದಷ್ಟೇ ಸಾಕು.

ತಂದೆಯ ಲೆಕ್ಕ 2400 ಯೂನಿಟ್, ಅಂದರೆ 8 ಮಿಲಿಲೀಟರ್. ಆದರೆ ಮೀನಖಂಡದ ಎರಡು ತೂತಿಗೆ ಅಷ್ಟು ಬೇಕಾಗುವುದಿಲ್ಲ. ಮೊದಲೆಲ್ಲ ಉಳಿದದ್ದನ್ನು ತೊಡೆಗೋ ತೋಳಿಗೋ ಕೊಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯ ಪ್ರಕಾರ ಗಾಯದೊಳಗೆ ಮತ್ತು ಸುತ್ತ ತುಂಬುವುದೇ ಮುಖ್ಯ, ದೂರದ ಸ್ನಾಯುವಿಗೆ ಕೊಡುವುದರಿಂದ ವಿಶೇಷ ಲಾಭವಿಲ್ಲ. ವೈರಸ್ ಇರುವುದು ಗಾಯದಲ್ಲಿ ಎಂಬುದನ್ನು ನೆನೆದರೆ ಈ ಸಲಹೆ ಸಹಜವೆನಿಸುತ್ತದೆ. ಇದಕ್ಕೆ ವಿರುದ್ಧ ಸ್ಥಿತಿಯೂ ಬರುತ್ತದೆ. ಮೈಯೆಲ್ಲ ಕಚ್ಚಿಸಿಕೊಂಡ ಚಿಕ್ಕ ಮಗುವಿಗೆ ತೂಕದ ಲೆಕ್ಕದ ಪ್ರಮಾಣ ಎಲ್ಲ ಗಾಯಗಳಿಗೂ ಸಾಲುವುದಿಲ್ಲ. ಆಗ ಮಿತಿ ಮೀರಿಸದೆ, ಲವಣ ದ್ರಾವಣ ಬೆರೆಸಿ ಪ್ರತಿ ಗಾಯಕ್ಕೂ ಮುಟ್ಟಿಸಬೇಕು. ಒಂದೇ ಒಂದು ಗಾಯವನ್ನು ಬಿಟ್ಟುಬಿಟ್ಟರೆ ವೈರಸ್ಸಿಗೆ ಆ ದಾರಿ ತೆರೆದೇ ಇರುತ್ತದೆ. ಕೂದಲ ಸಂದಿ, ಕಿವಿಯ ಹಿಂಭಾಗ, ಬೆನ್ನು ಇವನ್ನು ನೋಡಿಯೇ ಗಾಯಗಳನ್ನು ಎಣಿಸಿ.

ಮೊದಲ ದಿನ ಇಮ್ಯುನೊಗ್ಲಾಬ್ಯುಲಿನ್ ಸಿಗದಿದ್ದರೆ ಲಸಿಕೆಯನ್ನು ತಡೆಹಿಡಿಯಬೇಡಿ. ಲಸಿಕೆ ಶುರು ಮಾಡಿ, ಇದು ಸಿಗುವ ಇನ್ನೊಂದು ಆಸ್ಪತ್ರೆ ಹುಡುಕಿ. ಮೊದಲ ಲಸಿಕೆಯಿಂದ ಏಳನೆಯ ದಿನದವರೆಗೂ ಕೊಡಬಹುದು. ಆಮೇಲೆ ದೇಹದ್ದೇ ಪ್ರತಿಕಾಯ ಬರತೊಡಗುವುದರಿಂದ ಕೊಡುವುದಿಲ್ಲ.

ಗಾಯಕ್ಕೆ ಹೊಲಿಗೆ ಹಾಕುವ ಪ್ರಶ್ನೆ ಬರುವುದೂ ಇಲ್ಲಿಯೇ. ಹೊಲಿಗೆಯ ಸೂಜಿ ಹೊಸ ತೂತು ಮಾಡುತ್ತದೆ, ವೈರಸ್ಸನ್ನು ಹೊಸ ನರಗಳ ಬಳಿಗೆ ಒಯ್ಯುತ್ತದೆ. ಆದಷ್ಟು ಹೊಲಿಯಬಾರದು. ಮುಖ ಹರಿದಿದ್ದು ಹೊಲಿಯಲೇಬೇಕಾದರೆ ಮೊದಲು ಇಮ್ಯುನೊಗ್ಲಾಬ್ಯುಲಿನ್ ತುಂಬಿ, ಅದು ಹರಡಲು ಸ್ವಲ್ಪ ಹೊತ್ತು ಬಿಟ್ಟು, ಸಡಿಲವಾದ ಕೆಲವೇ ಹೊಲಿಗೆ ಹಾಕಬೇಕು. ಹುಡುಗಿಯ ಕೆನ್ನೆಗೆ ಕಲೆ ಉಳಿಯುತ್ತದೆಂದು ಮನೆಯವರು ಹೊಲಿಗೆಗೆ ಒತ್ತಾಯಿಸಬಹುದು. ಕಲೆಯನ್ನು ಆಮೇಲೆ ಸರಿಪಡಿಸಲು ದಾರಿಗಳಿವೆ.

ಧನುರ್ವಾಯು ಚುಚ್ಚುಮದ್ದು, ಬೇಕಿದ್ದರೆ ಕೀವಾಗದಂತೆ ಪ್ರತಿಜೀವಕ, ಇವನ್ನು ವೈದ್ಯರು ಇದೇ ಭೇಟಿಯಲ್ಲಿ ನೋಡುತ್ತಾರೆ.

## 4. ಲಸಿಕೆ: ಯಾವ ದಿನ, ಎಲ್ಲಿಗೆ

ಮೊದಲ ಡೋಸು ಬಿದ್ದ ದಿನವೇ ಸೊನ್ನೆಯ ದಿನ. ಕಚ್ಚಿದ ದಿನವಲ್ಲ. ಈ ಗೊಂದಲದಿಂದ ಎಷ್ಟೋ ಜನ ತಪ್ಪು ದಿನಕ್ಕೆ ಬರುತ್ತಾರೆ.

ಲಸಿಕೆ ಕೊಡಲು ಎರಡು ದಾರಿಗಳಿವೆ. ಸ್ನಾಯುವಿಗೆ ಕೊಡುವುದಾದರೆ ಪ್ರತಿ ಸಲ ಒಂದು ಪೂರ್ತಿ ಸೀಸೆ. ಸಾಮಾನ್ಯವಾಗಿ 0, 3, 7ನೆಯ ದಿನ ಮತ್ತು 14ರಿಂದ 28ನೆಯ ದಿನದೊಳಗೆ ನಾಲ್ಕನೆಯದು. ಕೆಲವು ಕಡೆ 14ಕ್ಕೂ 28ಕ್ಕೂ ಕೊಟ್ಟು ಐದು ಮಾಡುತ್ತಾರೆ. ಚರ್ಮದ ಪದರದೊಳಗೆ ಕೊಡುವುದಾದರೆ ಪ್ರತಿ ಸಲ ಎರಡು ಜಾಗಕ್ಕೆ 0.1 ಮಿಲಿಲೀಟರ್, ವಿಶ್ವ ಆರೋಗ್ಯ ಸಂಸ್ಥೆಯ ವೇಳಾಪಟ್ಟಿಯಲ್ಲಿ 0, 3, 7ನೆಯ ದಿನ, ಅನೇಕ ಕಡೆ 28ನೆಯ ದಿನವೂ ಸೇರುತ್ತದೆ. ನಿಮ್ಮ ಆಸ್ಪತ್ರೆ ಯಾವುದನ್ನು ಅನುಸರಿಸುತ್ತದೆಯೋ ಅದನ್ನೇ ಕೊನೆಯವರೆಗೆ ಹಿಡಿಯಿರಿ.

ಸರಿಯಾದ ಜಾಗಕ್ಕೆ ಬಿತ್ತೇ ಎಂದು ನೀವೇ ನೋಡಿಕೊಳ್ಳಬಹುದು. ದೊಡ್ಡವರಿಗೆ ತೋಳಿನ ಮೇಲ್ಭಾಗ, ಎರಡು ವರ್ಷದೊಳಗಿನ ಮಕ್ಕಳಿಗೆ ತೊಡೆಯ ಮುಂಬದಿಯ ಹೊರ ಅಂಚು. ಪೃಷ್ಠಕ್ಕೆ ಎಂದೂ ಅಲ್ಲ. ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ಹೀರಿಕೊಳ್ಳದೆ ಪ್ರತಿಕಾಯ ಕಡಿಮೆ ಬರುತ್ತದೆ. ಯಾರಾದರೂ ಅಲ್ಲಿಗೆ ಕೊಡಲು ಹೊರಟರೆ ತಡೆಯಿರಿ. ಚರ್ಮದೊಳಗಿನ ಚುಚ್ಚುಮದ್ದಿನಲ್ಲಿ ಗುರುತು ಇನ್ನೂ ಸ್ಪಷ್ಟ: ಸೂಜಿ ಹೊರಬಂದಾಗ ಆ ಜಾಗದಲ್ಲಿ ಕಿತ್ತಳೆ ಸಿಪ್ಪೆಯಂತೆ ಸಣ್ಣ ರಂಧ್ರಗಳು ಕಾಣುವ, ಬಿಳಿಚಿದ ಪುಟ್ಟ ಉಬ್ಬು ಏಳಬೇಕು. ಉಬ್ಬು ಏಳದಿದ್ದರೆ ಮದ್ದು ಆಳಕ್ಕಿಳಿದಿದೆ ಎಂದರ್ಥ, ಪಕ್ಕದಲ್ಲಿ ಮತ್ತೊಮ್ಮೆ ಕೊಡಬೇಕಾಗುತ್ತದೆ. ಇಮ್ಯುನೊಗ್ಲಾಬ್ಯುಲಿನ್ ತುಂಬಿದ ಜಾಗದಿಂದ ದೂರಕ್ಕೆ, ಬೇರೆ ಸಿರಿಂಜಿನಲ್ಲಿ ಲಸಿಕೆ ಕೊಡುತ್ತಾರೆ. ಇಲ್ಲವಾದರೆ ಆ ಪ್ರತಿಕಾಯ ಲಸಿಕೆಯನ್ನೇ ಹಿಡಿದುಬಿಡುತ್ತದೆ.

ಡೋಸು ಮಕ್ಕಳಿಗೂ ದೊಡ್ಡವರಿಗೂ ಒಂದೇ, ತೂಕದ ಲೆಕ್ಕವಿಲ್ಲ. ಗರ್ಭಿಣಿ, ಬಾಣಂತಿ, ಹಸುಗೂಸು ಯಾರಿಗೂ ತಡೆಯಿಲ್ಲ. ಎಚ್‌ಐವಿ ಅಥವಾ ಇನ್ನಾವುದೇ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು ಅದನ್ನು ಮೊದಲೇ ಹೇಳಬೇಕು. ಅವರಿಗೆ ಎರಡನೆಯ ದರ್ಜೆಯ ಗಾಯವಾದರೂ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುತ್ತದೆ.

ಡೋಸು ತಪ್ಪಿದರೆ? ನಮ್ಮ ಉದಾಹರಣೆಯ ತಂದೆ ಮಗಳನ್ನು ಮೂರನೆಯ ದಿನ ಸರಿಯಾಗಿ ಕರೆತಂದ, ತಾನು ಮಾತ್ರ ಕೆಲಸಕ್ಕೆ ಹೋದ. ಇಂಥವರನ್ನು ನಾನು ಬಹಳ ನೋಡಿದ್ದೇನೆ. ಐದನೆಯ ದಿನ ನೆನಪಾಯಿತು. ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಅಂದೇ ಹೋಗಿ ತಪ್ಪಿದ ಡೋಸು ಹಾಕಿಸಿಕೊಂಡು, ಮುಂದಿನವುಗಳ ನಡುವಿನ ಅಂತರವನ್ನು ಉಳಿಸಿಕೊಂಡರಾಯಿತು. ಅವನಿಗೆ ಮುಂದಿನ ಡೋಸು ಏಳರ ಬದಲು ಒಂಬತ್ತನೆಯ ದಿನ. ಬೈಸಿಕೊಳ್ಳುವ ಮುಜುಗರಕ್ಕೆ ಪೂರ್ತಿ ಬಿಟ್ಟುಬಿಡುವುದೇ ಅಪಾಯ.

ಹಿಂದೆ ಪೂರ್ಣ ಲಸಿಕೆ ಪಡೆದವರಿಗೆ ಮತ್ತೆ ಕಚ್ಚಿದರೆ ಇಮ್ಯುನೊಗ್ಲಾಬ್ಯುಲಿನ್ ಬೇಡ. 0 ಮತ್ತು 3ನೆಯ ದಿನ ಎರಡು ಡೋಸು ಸಾಕಾಗುತ್ತದೆ. ಅವರ ದೇಹಕ್ಕೆ ವೈರಸ್ಸಿನ ಗುರುತು ನೆನಪಿರುವುದರಿಂದ ಪ್ರತಿಕಾಯ ಬೇಗ ಏರುತ್ತದೆ. ತೊಳೆಯುವುದು ಮಾತ್ರ ಅವರಿಗೂ ಅದೇ ಹದಿನೈದು ನಿಮಿಷ. ಹಳೆಯ ಲಸಿಕೆ ಚೀಟಿಯನ್ನು ಜೋಪಾನವಾಗಿಡಿ. ಅದಿಲ್ಲದಿದ್ದರೆ ಲಸಿಕೆ ಪಡೆದೇ ಇಲ್ಲವೆಂದು ಎಣಿಸಿ ಎಲ್ಲವನ್ನೂ ಮೊದಲಿನಿಂದ ಕೊಡಬೇಕಾಗುತ್ತದೆ.

## 5. ಪ್ರಾಣಿಯ ಮೇಲೆ ಹತ್ತು ದಿನ ಕಣ್ಣು

ನಾಯಿ, ಬೆಕ್ಕಿನ ವಿಷಯದಲ್ಲಿ ಹತ್ತು ದಿನ ಕಾಯಿರಿ ಎನ್ನುವುದನ್ನು ಜನ ಲಸಿಕೆಗೂ ಹತ್ತು ದಿನ ಕಾಯಿರಿ ಎಂದು ಕೇಳಿಸಿಕೊಳ್ಳುತ್ತಾರೆ. ಲಸಿಕೆ ಮೊದಲ ದಿನವೇ ಶುರುವಾಗಬೇಕು. ನಾಯಿಯನ್ನು ನೋಡುವುದು ಅದರ ಜೊತೆಜೊತೆಗೆ.

ಹತ್ತು ದಿನದ ಲೆಕ್ಕವೂ ನರದ ದಾರಿಯಿಂದಲೇ ಬಂದದ್ದು. ನಾಯಿಯ ದೇಹದಲ್ಲೂ ವೈರಸ್ ಮೊದಲು ಮೆದುಳು ಸೇರಿ, ಅಲ್ಲಿಂದ ನರಗಳ ಮೂಲಕ ಹಿಂತಿರುಗಿ ಜೊಲ್ಲಿನ ಗ್ರಂಥಿಗೆ ಇಳಿಯುತ್ತದೆ. ಜೊಲ್ಲಿನಲ್ಲಿ ವೈರಸ್ ಇದೆ ಎಂದರೆ ಮೆದುಳು ಆಗಲೇ ಸೋಂಕಿತವಾಗಿದೆ. ಅಂಥ ನಾಯಿ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು ಸಾಯುತ್ತದೆ. ಕಚ್ಚಿ ಹತ್ತು ದಿನವಾದರೂ ಅದು ಆರೋಗ್ಯವಾಗಿ ಓಡಾಡಿಕೊಂಡಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ. ಆಗ ವೈದ್ಯರು ಉಳಿದ ಡೋಸು ನಿಲ್ಲಿಸಬಹುದು. ಬಾವಲಿ, ನರಿ, ಕಾಡುಪ್ರಾಣಿಗಳಿಗೆ ಈ ಲೆಕ್ಕ ಅನ್ವಯಿಸದು.

ನೋಡಬೇಕಾದ ಗುರುತುಗಳು: ಸ್ವಭಾವ ಬದಲಾಗುವುದು, ಮೂಲೆ ಹಿಡಿಯುವುದು, ಕಾರಣವಿಲ್ಲದೆ ಕಚ್ಚುವುದು, ಬೊಗಳುವ ದನಿ ಒಡೆಯುವುದು, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುವುದು, ಹಿಂಗಾಲು ಎಳೆಯುವುದು. ದವಡೆ ಜೋತ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಕೈ ಹಾಕಬೇಡಿ. ನಾಯಿಯನ್ನು ಹೊಡೆದು ಕೊಂದುಬಿಟ್ಟರೆ ಈ ಮಾಹಿತಿಯೇ ಕೈತಪ್ಪುತ್ತದೆ.

ನಮ್ಮ ಉದಾಹರಣೆಯ ಮರಿ ಎರಡನೆಯ ದಿನ ಕಾಣೆಯಾಯಿತು. ಕಾಣೆಯಾದ ಪ್ರಾಣಿಯನ್ನು ರೋಗಪೀಡಿತವೆಂದೇ ಎಣಿಸಬೇಕು. ಇಬ್ಬರಿಗೂ ಪೂರ್ತಿ ಡೋಸು.

## ಎಚ್ಚರಿಕೆಯ ಲಕ್ಷಣಗಳು

ಮೊದಲ ವಾರದಲ್ಲಿ ಚುಚ್ಚಿದ ಜಾಗ ಕೆಂಪಾಗುವುದು, ತುರಿಸುವುದು, ಒಂದೆರಡು ದಿನ ಮೈ ಬೆಚ್ಚಗಾಗುವುದು ಲಸಿಕೆಯ ಸಾಮಾನ್ಯ ಪರಿಣಾಮ. ಮಾಯುತ್ತಿರುವ ಗಾಯವೂ ನವೆಯಾಗುತ್ತದೆ. ಇದಕ್ಕೆ ಹೆದರಿ ಡೋಸು ನಿಲ್ಲಿಸುವವರಿದ್ದಾರೆ, ನಿಲ್ಲಿಸಬೇಡಿ. ಗಾಯ ಊದಿ, ಬಿಸಿಯಾಗಿ, ಕೀವಾದರೆ ಅದು ಬೇರೆ ಸೋಂಕು, ಅಂದೇ ತೋರಿಸಿ. ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಹೊತ್ತಿನಲ್ಲಿ ಮೈಮೇಲೆ ದದ್ದು ಎದ್ದು ಉಸಿರು ಕಟ್ಟಿದಂತಾದರೆ ಕೂಡಲೇ ಕೂಗಿ ಹೇಳಿ. ಕೊಟ್ಟ ನಂತರ ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳುವುದು ಇದಕ್ಕಾಗಿಯೇ.

ರೇಬೀಸಿನ ಲಕ್ಷಣ ಬೇರೆ ಬಗೆಯದು. ಪೂರ್ತಿ ಮಾಯ್ದು, ಮರೆತೇಹೋಗಿದ್ದ ಗಾಯದ ಜಾಗದಲ್ಲಿ ವಾರಗಳ ನಂತರ ಜುಮುಗುಡುವಿಕೆ, ಉರಿ, ನವೆ ಶುರುವಾಗುತ್ತದೆ. ಆ ಜಾಗದಿಂದ ಹೊರಟ ನರದ ಬೇರಿನ ಬಳಿ, ಬೆನ್ನುಹುರಿಯ ಪಕ್ಕದ ನರಗಂಟಿಗೆ ವೈರಸ್ ತಲುಪಿರುವುದರ ಸೂಚನೆ ಅದು. ನಂತರ ಜ್ವರ, ಕಳವಳ, ನಿದ್ದೆಗೇಡು. ಹೆಚ್ಚಿನವರಲ್ಲಿ ನೀರು ನುಂಗಲು ಹೋದರೆ, ಗಾಳಿ ಸೋಕಿದರೆ ಗಂಟಲು ಹಿಂಡಿದಂತೆ ಸೆಟೆಯುತ್ತದೆ. ಇನ್ನು ಕೆಲವರಲ್ಲಿ ನೀರಿನ ಭಯವೇ ಇರುವುದಿಲ್ಲ. ಕಚ್ಚಿದ ಕೈಯೋ ಕಾಲೋ ಸೋಲುತ್ತ ಬಂದು ಲಕ್ವ ಮೈಯೆಲ್ಲ ಹಬ್ಬುತ್ತದೆ, ಬೇರೆ ನರರೋಗವೆಂದು ತಪ್ಪು ತಿಳಿಯುವುದೂ ಉಂಟು. ಈ ಹಂತ ಮುಟ್ಟಿದ ಮೇಲೆ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ನೂ ಕೆಲಸಕ್ಕೆ ಬಾರವು, ಬದುಕುಳಿದವರು ಬೆರಳೆಣಿಕೆಯಷ್ಟು. ನೋವು, ಭಯ ಕಡಿಮೆ ಮಾಡುವ ಔಷಧಿ, ಗಾಳಿ ಗದ್ದಲವಿಲ್ಲದ ಮಂದ ಬೆಳಕಿನ ಕೋಣೆ, ಹತ್ತಿರದವರ ಆಸರೆ ಇಷ್ಟನ್ನು ಕೊಡಬಹುದು. ಆರೈಕೆ ಮಾಡುವವರು ಅವರ ಕೈ ಹಿಡಿಯಲು ಹೆದರಬೇಕಾಗಿಲ್ಲ. ಜೊಲ್ಲು ಕಣ್ಣಿಗೆ, ಬಾಯಿಗೆ, ಗಾಯಕ್ಕೆ ಬಿದ್ದರೆ ಮಾತ್ರ ತೊಳೆದು ತಾವೂ ಲಸಿಕೆ ಪಡೆಯಬೇಕು.

## ತಡವಾಗಿ ಬಂದವರಿಗೆ

ಕಚ್ಚಿ ವಾರಗಳು, ತಿಂಗಳುಗಳು ಕಳೆದಿವೆ, ಏನೂ ಮಾಡಿಲ್ಲ, ಲಕ್ಷಣವೂ ಇಲ್ಲ. ಇಂಥವರು ನಾಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. ಅವರಿಗೆ ಇಂದೇ ಕಚ್ಚಿದೆ ಎಂಬಂತೆಯೇ ಎಲ್ಲವನ್ನೂ ಮಾಡಬೇಕು: ದರ್ಜೆ ನೋಡಿ, ಮೂರನೆಯದಾದರೆ ಗಾಯದ ಜಾಗಕ್ಕೆ ಇಮ್ಯುನೊಗ್ಲಾಬ್ಯುಲಿನ್, ಜೊತೆಗೆ ಪೂರ್ತಿ ಲಸಿಕೆ. ಗಾಯ ಮಾಯ್ದಿದ್ದರೆ ಕಲೆಯ ಗುರುತು ಹಿಡಿದು ಅದರ ಸುತ್ತ ಕೊಡುತ್ತಾರೆ. ವೈರಸ್ ಇನ್ನೂ ಸ್ನಾಯುವಿನಲ್ಲೇ ತಂಗಿರುವ ಸಾಧ್ಯತೆ ಇರುವವರೆಗೆ ಈ ಪ್ರಯತ್ನಕ್ಕೆ ಅರ್ಥವಿದೆ. ಹೋಗುವಾಗ ಕಚ್ಚಿದ ದಿನಾಂಕ, ಪ್ರಾಣಿ ಯಾವುದು, ಅದು ಈಗ ಎಲ್ಲಿದೆ, ಗಾಯಗಳು ಎಲ್ಲೆಲ್ಲಿ ಆಗಿದ್ದವು, ಹಿಂದೆ ಲಸಿಕೆ ಪಡೆದಿದ್ದರೆ ಯಾವಾಗ, ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಮಗುವಾಗಿದ್ದರೆ ಗಾಯಗಳ ಜಾಗವನ್ನು ಮಗುವನ್ನೇ ಕೇಳಿ ಬರೆಯಿರಿ. ಬಟ್ಟೆಯೊಳಗಿನ ಗಾಯ ಅದಕ್ಕೆ ಮಾತ್ರ ಗೊತ್ತಿರುತ್ತದೆ.